ಬ್ಲಾಕ್ ಇಲ್ಲದ ಹೃದಯಾಘಾತ: ಸೆಳೆತಕ್ಕೆ ಸಿಕ್ಕ ನಾಳ ಮತ್ತು ಕಣ್ಣಿಗೆ ಕಾಣದ ನಾಳ

ಒಬ್ಬ ರೋಗಿಯ ಪ್ರಕರಣದಿಂದ ಮಾತನ್ನು ಆರಂಭಿಸುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. 46 ವರ್ಷದ ಮಹಿಳೆ, ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡಕ್ಕೆ ಒಂದು ಮಾತ್ರೆ ಇದೆ. ಒಂದು ದಿನ ನಸುಕಿನ 4.40ಕ್ಕೆ, ಎದೆಯ ನಡುವೆ ಕಲ್ಲು ಹೇರಿದಂತಾಗಿ ಅವರಿಗೆ ಎಚ್ಚರವಾಯಿತು. ಎಡಗೈ ಜೋಮು ಹಿಡಿದಿತ್ತು, ಮೈ ಬೆವೆತಿತ್ತು. ಆಂಬುಲೆನ್ಸ್‌ನಲ್ಲಿ ತೆಗೆದ ಇಸಿಜಿಯಲ್ಲಿ ಎದೆಯ ಮುಂಭಾಗದ ಲೀಡ್‌ಗಳಲ್ಲಿ ಎಸ್‌ಟಿ ಭಾಗ ಎದ್ದು ಕಾಣುತ್ತಿತ್ತು. ದೊಡ್ಡ ರಕ್ತನಾಳವೊಂದು ಪೂರ್ತಿ ಮುಚ್ಚಿಕೊಂಡಾಗ ಕಾಣುವ ಚಿತ್ರ ಅದು. ನಾಳವನ್ನು ಸಡಿಲಿಸುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನಾಲಿಗೆಯ ಅಡಿಗೆ ಇಟ್ಟ ಕೆಲವೇ ನಿಮಿಷಗಳಲ್ಲಿ ನೋವು ಇಳಿಯಿತು, ಮುಂದಿನ ಇಸಿಜಿಯಲ್ಲಿ ಎದ್ದಿದ್ದ ಗೆರೆಯೂ ತನ್ನ ಸ್ಥಾನಕ್ಕೆ ಮರಳಿತ್ತು. ಒಟ್ಟು ನೋವು ಸುಮಾರು 40 ನಿಮಿಷ.

ಆಸ್ಪತ್ರೆ ಮುಟ್ಟಿದ ಕೂಡಲೇ ಆಂಜಿಯೋಗ್ರಾಂ ಆಯಿತು. ಮೂರೂ ಮುಖ್ಯ ಕೊರೊನರಿ ನಾಳಗಳು ನುಣುಪಾಗಿದ್ದವು, ಎಲ್ಲಿಯೂ ಬ್ಲಾಕ್ ಇರಲಿಲ್ಲ. ಆದರೆ ಅದೇ ಹೊತ್ತಿಗೆ ರಕ್ತಪರೀಕ್ಷೆ ಬೇರೆಯ ಮಾತು ಹೇಳುತ್ತಿತ್ತು. ಹೃದಯದ ಸ್ನಾಯುಕೋಶ ಒಡೆದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನ್ ಮೊದಲ ಮಾದರಿಯಲ್ಲಿ ಲೀಟರಿಗೆ 9 ನ್ಯಾನೋಗ್ರಾಂ ಇತ್ತು, ಮೂರು ಗಂಟೆಗಳ ನಂತರ 312, ಸಂಜೆಯ ಹೊತ್ತಿಗೆ 640. ಆ ಪ್ರಯೋಗಾಲಯದ ಮಿತಿ 14. ಎದೆನೋವು, ಇಸಿಜಿಯ ಬದಲಾವಣೆ, ಮಿತಿ ದಾಟಿ ಏರಿದ ಟ್ರೋಪೋನಿನ್ ಇಷ್ಟೂ ಇದ್ದ ಮೇಲೆ, ವ್ಯಾಖ್ಯಾನದ ಪ್ರಕಾರ ಇದು ಹೃದಯಾಘಾತವೇ ಎಂಬ ಶಂಕೆ ಬಲವಾಗಿಯೇ ಇರಬೇಕಿತ್ತು. ಆದರೂ ಅವರನ್ನು ಮನೆಗೆ ಕಳಿಸುವಾಗ ಹೇಳಿದ ಮಾತು, “ನಿಮ್ಮ ರಕ್ತನಾಳಗಳು ಚೆನ್ನಾಗಿವೆ, ಇದು ಆತಂಕದಿಂದ ಆದದ್ದು” ಎಂದು. ಆತಂಕಕ್ಕೆಂದು ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟಿದ್ದರು. ಆರು ವಾರಗಳ ನಂತರ ಅವರು ನಮ್ಮ ಬಳಿ ಬಂದಾಗ ನಸುಕಿನ ನೋವು ವಾರಕ್ಕೆ ಮೂರು ನಾಲ್ಕು ಬಾರಿ ಬರತೊಡಗಿತ್ತು. ಆ ಮಾತ್ರೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಇಂಥ ಸ್ಥಿತಿಗೆ ವೈದ್ಯರು ಇಟ್ಟುಕೊಂಡಿರುವ ಹೆಸರು ಮೈನೋಕಾ. ಕೊರೊನರಿ ನಾಳಗಳಲ್ಲಿ ಶೇ 50ರಷ್ಟಾಗಲಿ ಅದಕ್ಕಿಂತ ಹೆಚ್ಚಾಗಲಿ ಕಿರಿದಾಗಿರುವ ಜಾಗ ಎಲ್ಲಿಯೂ ಇಲ್ಲದಿದ್ದರೂ ಆಗುವ ಹೃದಯಾಘಾತ ಎಂದು ಅದರ ಅರ್ಥ. ಹೃದಯಾಘಾತವೆಂದು ಬರುವ ನೂರು ಜನರಲ್ಲಿ ಸುಮಾರು ಐದರಿಂದ ಹತ್ತು ಮಂದಿ ಈ ಗುಂಪಿಗೆ ಸೇರುತ್ತಾರೆ. ಬ್ಲಾಕ್ ಇರುವವರಿಗೆ ಹೋಲಿಸಿದರೆ ಇವರಲ್ಲಿ ಮಹಿಳೆಯರ ಪಾಲು ಹೆಚ್ಚು, ವಯಸ್ಸು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಈ ಹೆಸರಿನಿಂದ ಒಂದು ಉಪಕಾರವೂ ಒಂದು ಅಪಕಾರವೂ ಆಗಿದೆ. “ಏನೂ ಇಲ್ಲ” ಎಂದು ಕೈತೊಳೆದುಕೊಳ್ಳುವುದನ್ನು ಅದು ತಡೆಯಿತು. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಮೈನೋಕಾ ಎಂದು ಬರೆದುಬಿಟ್ಟರೆ ರೋಗನಿರ್ಣಯ ಮುಗಿಯಿತು ಎಂಬ ಭಾವನೆಯನ್ನೂ ಅದು ಹುಟ್ಟಿಸಿತು. ಜ್ವರ ಎಂಬುದು ಹೇಗೆ ರೋಗದ ಹೆಸರಲ್ಲವೋ ಹಾಗೆಯೇ ಮೈನೋಕಾ ಕೂಡ ರೋಗದ ಹೆಸರಲ್ಲ. ಕಾರಣ ಹುಡುಕಬೇಕಿದೆ ಎಂದು ಹೇಳುವ ತಾತ್ಕಾಲಿಕ ಹೆಸರು ಅಷ್ಟೆ.

ಆಂಜಿಯೋಗ್ರಾಂ ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದು ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿ. ಅದರಲ್ಲಿ ನಾವು ನೋಡುವುದು ನಾಳದ ಗೋಡೆಯನ್ನಲ್ಲ, ನಾಳದ ಒಳಗೆ ತುಂಬಿದ ಬಣ್ಣದ ನೆರಳನ್ನು. ಅದೂ ಆ ಕ್ಷಣದ ನೆರಳನ್ನು: ರೋಗಿ ಮಲಗಿದ್ದಾರೆ, ನೋವು ಇಳಿದಿದೆ, ನಾಳವನ್ನು ಸಡಿಲಿಸುವ ಔಷಧ ಆಗಲೇ ರಕ್ತದಲ್ಲಿದೆ. ನಸುಕಿನ 4.40ಕ್ಕೆ ಅದೇ ನಾಳ ಹೇಗಿತ್ತು ಎಂಬುದಕ್ಕೆ ಬೆಳಿಗ್ಗೆ ತೆಗೆದ ಚಿತ್ರ ಸಾಕ್ಷಿಯಾಗಲಾರದು. ಎರಡನೆಯ ಮಿತಿ ಗಾತ್ರದ್ದು. ಸುಮಾರು ಅರ್ಧ ಮಿಲಿಮೀಟರಿಗಿಂತ ತೆಳ್ಳಗಿನ ನಾಳಗಳು ಆಂಜಿಯೋಗ್ರಾಂನಲ್ಲಿ ಬಿಡಿಯಾಗಿ ಕಾಣುವುದಿಲ್ಲ. ಹೃದಯದ ರಕ್ತನಾಳಗಳ ಜಾಲವನ್ನು ಒಂದು ಮರವೆಂದುಕೊಂಡರೆ ನಮಗೆ ಕಾಣುವುದು ಕಾಂಡ ಮತ್ತು ದಪ್ಪ ಕೊಂಬೆಗಳು ಮಾತ್ರ. ರಕ್ತದ ಹರಿವಿಗೆ ಹೆಚ್ಚಿನ ತಡೆ ಒಡ್ಡುವುದೂ ಎಲ್ಲಿ ಎಷ್ಟು ರಕ್ತ ಹೋಗಬೇಕೆಂದು ನಿರ್ಧರಿಸುವುದೂ ಕಾಣದ ಸಣ್ಣ ರೆಂಬೆಗಳು. ಬ್ಲಾಕ್ ಇಲ್ಲ ಎಂಬ ವರದಿ ಕಾಂಡದ ಬಗ್ಗೆ, ಆ ಗಳಿಗೆಯ ಬಗ್ಗೆ ಸತ್ಯ. ಅದರಾಚೆಗೆ ಅದು ಏನನ್ನೂ ಹೇಳುತ್ತಿಲ್ಲ.

ನಾಳ ಸುಮ್ಮನೆ ಕೊಳವೆಯಲ್ಲ. ಅದರ ಗೋಡೆಯ ನಡುಪದರದಲ್ಲಿ ಸ್ನಾಯುವಿದೆ, ಒಳಮೈಯಲ್ಲಿ ಒಂದೇ ಕೋಶದಷ್ಟು ತೆಳುವಾದ ಅಸ್ತರಿಯಿದೆ. ಸ್ನಾಯು ಬಿಗಿದರೆ ನಾಳ ಕಿರಿದಾಗುತ್ತದೆ. ಅಸ್ತರಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತ ಆ ಸ್ನಾಯುವನ್ನು ಸಡಿಲವಾಗಿ ಇಡುತ್ತದೆ. ಇದು ತಿಳಿದ ಬಗೆ ಸ್ವಾರಸ್ಯಕರವಾದದ್ದು. ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಕೆಲಸ ಮಾಡುತ್ತಿದ್ದ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಅವರಿಗೆ ಅಸಿಟೈಲ್‌ಕೋಲಿನ್ ಹಾಕಿದಾಗ ಒಮ್ಮೆ ತುಂಡು ಬಿಗಿಯುವುದು, ಮತ್ತೊಮ್ಮೆ ಸಡಿಲವಾಗುವುದು ಕಾಣುತ್ತಿತ್ತು. ತುಂಡನ್ನು ಸಿದ್ಧಪಡಿಸುವಾಗ ಒಳಮೈ ಉಜ್ಜಿಹೋಗಿ ಅಸ್ತರಿ ಕಿತ್ತುಬಂದಿದ್ದರೆ ಅದು ಬಿಗಿಯುತ್ತಿತ್ತು, ಅಸ್ತರಿ ಉಳಿದಿದ್ದರೆ ಸಡಿಲವಾಗುತ್ತಿತ್ತು. 1980ರಲ್ಲಿ ಪ್ರಕಟವಾದ ಈ ಗಮನಿಕೆಯ ಜಾಡು ಹಿಡಿದು ನಡೆದ ಕೆಲಸದಿಂದ, ಅಸ್ತರಿ ಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ಗೊತ್ತಾಯಿತು. 1998ರ ನೊಬೆಲ್ ಪ್ರಶಸ್ತಿಯನ್ನು ಅವರು ಇನ್ನಿಬ್ಬರೊಂದಿಗೆ ಹಂಚಿಕೊಂಡರು. ಒಂದೇ ರಾಸಾಯನಿಕ ಆರೋಗ್ಯವಂತ ನಾಳವನ್ನು ತೆರೆಯುತ್ತದೆ, ಅಸ್ತರಿ ಕೆಟ್ಟ ನಾಳವನ್ನು ಮುಚ್ಚುತ್ತದೆ ಎಂಬ ಈ ಅಂಶವನ್ನು ನೆನಪಿನಲ್ಲಿಡಿ. ಇಂದು ನಾವು ಮಾಡುವ ಪರೀಕ್ಷೆ ನಿಂತಿರುವುದೇ ಅದರ ಮೇಲೆ.

ಕೊರೊನರಿ ಸೆಳೆತ ಎಂದರೆ ಈ ಸ್ನಾಯು ಅತಿಯಾಗಿ, ಅಕಾಲದಲ್ಲಿ, ಸಾಮಾನ್ಯವಾಗಿ ಒಂದು ನಿರ್ದಿಷ್ಟ ಭಾಗದಲ್ಲಿ ಬಿಗಿದುಕೊಳ್ಳುವುದು. ಕಾಲಿನ ಮೀನಖಂಡ ಹಿಡಿದುಕೊಳ್ಳುವುದನ್ನು ಬಲ್ಲವರಿಗೆ ಇದರ ಕಲ್ಪನೆ ಸುಲಭ, ಆದರೆ ಇಲ್ಲಿ ಹಿಡಿದುಕೊಳ್ಳುವುದು ಮೂರು ಮಿಲಿಮೀಟರಿನ ಆಸುಪಾಸಿನ ಒಂದು ನಾಳ. ವಿಶ್ರಾಂತಿಯಲ್ಲಿರುವಾಗ ಬರುವ, ಬರುವಾಗ ಎಸ್‌ಟಿ ಭಾಗವನ್ನು ಎಬ್ಬಿಸುವ ಎದೆನೋವನ್ನು ಮೈರನ್ ಪ್ರಿಂಜ್‌ಮೆಟಲ್ 1959ರಲ್ಲಿ ವಿವರಿಸಿದರು. 1970ರ ದಶಕದಲ್ಲಿ ಇಟಲಿಯ ಅಟ್ಟಿಲಿಯೊ ಮಸೇರಿ ಮತ್ತಿತರರು, ನೋವು ನಡೆಯುತ್ತಿರುವಾಗಲೇ ಆಂಜಿಯೋಗ್ರಾಂ ಮಾಡಿ, ಬಿಗಿದ ನಾಳವನ್ನು ಕಣ್ಣಾರೆ ತೋರಿಸಿದರು. ಸೆಳೆತ ಹೆಚ್ಚಾಗಿ ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗಿನ ಅವಧಿಯಲ್ಲಿ ಬರುತ್ತದೆ. ಹಗಲಿನಲ್ಲಿ ಸಲೀಸಾಗಿ ಮೆಟ್ಟಿಲು ಹತ್ತುವವರೂ ಆ ಹೊತ್ತಿನಲ್ಲಿ ಹಾಸಿಗೆಯಲ್ಲೇ ನರಳುತ್ತಾರೆ. ಧೂಮಪಾನ ಇದರ ದೊಡ್ಡ ಪ್ರಚೋದಕ. ಚಳಿ, ಏದುಸಿರಿನ ಉಸಿರಾಟ, ಕೊಕೇನ್, ಮೈಗ್ರೇನ್‌ಗೆ ಕೊಡುವ ಟ್ರಿಪ್ಟಾನ್ ಮತ್ತು ಎರ್ಗೊಟ್ ಗುಂಪಿನ ಮಾತ್ರೆಗಳು, 5-ಫ್ಲೋರೋಯುರಾಸಿಲ್ ಎಂಬ ಕ್ಯಾನ್ಸರ್ ಔಷಧ ಇವೂ ಸೆಳೆತವನ್ನು ಕೆರಳಿಸಬಲ್ಲವು. ಆದ್ದರಿಂದ ಬೇರೆ ಕಾಯಿಲೆಗೆ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬ ಪ್ರಶ್ನೆ ಇಲ್ಲಿ ಔಪಚಾರಿಕವಲ್ಲ.

ಸೆಳೆತ ಕೆಲವೇ ನಿಮಿಷಗಳಲ್ಲಿ ಬಿಟ್ಟರೆ ನೋವು ಬಂದು ಹೋಗುತ್ತದೆ, ಸ್ನಾಯುವಿಗೆ ಶಾಶ್ವತ ಹಾನಿಯಿಲ್ಲ. ಹರಿವು ಪೂರ್ತಿ ನಿಂತು ಇಪ್ಪತ್ತು ನಿಮಿಷದ ಹತ್ತಿರ ಬಂದರೆ ಹೃದಯದ ಗೋಡೆಯ ಒಳಭಾಗದ ಕೋಶಗಳು ಸಾಯತೊಡಗುತ್ತವೆ. ಒಳಭಾಗವೇ ಮೊದಲು ಏಕೆ ಎಂದರೆ, ಹೃದಯ ಕುಗ್ಗುವಾಗ ಅತಿ ಹೆಚ್ಚು ಒತ್ತಡಕ್ಕೆ ಸಿಕ್ಕುವುದು ಆ ಭಾಗದ ಸಣ್ಣ ನಾಳಗಳು. ರಕ್ತ ತುಂಬಿಕೊಳ್ಳಲು ಅವಕ್ಕೆ ಸಿಗುವುದು ಹೃದಯ ಸಡಿಲಗೊಳ್ಳುವ ವಿರಾಮ ಮಾತ್ರ. ನಮ್ಮ ರೋಗಿಗೆ ನೋವಿದ್ದದ್ದು 40 ನಿಮಿಷ, ಟ್ರೋಪೋನಿನ್ ಏರಿದ್ದು ಅದಕ್ಕೇ.

ಸಣ್ಣ ನಾಳಗಳ ಕಾಯಿಲೆಯ ಕಥೆ ಇಷ್ಟು ನಾಟಕೀಯವಲ್ಲ. ದೇಹದ ಬೇರೆ ಸ್ನಾಯುಗಳು ಕಷ್ಟಕಾಲದಲ್ಲಿ ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹಿಂಡಿಕೊಳ್ಳಬಲ್ಲವು. ಹೃದಯಕ್ಕೆ ಆ ದಾರಿ ಬಹುಪಾಲು ಮುಚ್ಚಿದೆ, ಏಕೆಂದರೆ ವಿಶ್ರಾಂತಿಯಲ್ಲೇ ಅದು ತನಗೆ ಬಂದ ಆಮ್ಲಜನಕದ ಸುಮಾರು ಶೇ 70ರಷ್ಟನ್ನು ತೆಗೆದುಕೊಂಡುಬಿಡುತ್ತದೆ. ಹೆಚ್ಚು ಬೇಕೆಂದರೆ ಹೆಚ್ಚು ರಕ್ತವನ್ನೇ ತರಿಸಿಕೊಳ್ಳಬೇಕು, ಅದಕ್ಕೆ ಸಣ್ಣ ನಾಳಗಳು ಅಗಲವಾಗಬೇಕು. ಹರಿವು ನಾಳದ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ, ಅಂದರೆ ಉಳಿದದ್ದೆಲ್ಲ ಒಂದೇ ಇದ್ದು ತ್ರಿಜ್ಯ ಅರ್ಧಕ್ಕಿಳಿದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕದಿಂದಾಗಿ ಕೂದಲೆಳೆಯಷ್ಟು ಸಪೂರದ ನಾಳಗಳಲ್ಲಿ ಗೋಡೆ ಸ್ವಲ್ಪ ದಪ್ಪವಾದರೂ, ಅಥವಾ ಅಗಲವಾಗಬೇಕಾದಾಗ ಅಗಲವಾಗದಿದ್ದರೂ ಪರಿಣಾಮ ದೊಡ್ಡದು. ಬಹುಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಇವು ಈ ನಾಳಗಳ ಗೋಡೆಯನ್ನು ಕೆಡಿಸುತ್ತವೆ. ಇದಲ್ಲದೆ ದೊಡ್ಡ ನಾಳ ಪೂರ್ತಿ ತೆರೆದಿರುವಾಗಲೇ ಸಣ್ಣ ನಾಳಗಳು ಮಾತ್ರ ಸೆಳೆತಕ್ಕೆ ಸಿಕ್ಕುವ ರೂಪವೂ ಒಂದಿದೆ. ಒಂದು ಎಚ್ಚರ ಬೇಕು: ಸಣ್ಣ ನಾಳಗಳ ಕಾಯಿಲೆ ಹೆಚ್ಚಾಗಿ ದುಡಿಮೆಯ ಹೊತ್ತಿನ ಎದೆನೋವಿಗೆ, ಏದುಸಿರಿಗೆ ಕಾರಣವಾಗುತ್ತದೆ, ಅದೊಂದರಿಂದಲೇ ಎಸ್‌ಟಿ ಎದ್ದ ದೊಡ್ಡ ಹೃದಯಾಘಾತವಾಯಿತು ಎನ್ನುವ ಮೊದಲು ಬೇರೆ ಕಾರಣಗಳನ್ನು ಹುಡುಕಿರಬೇಕು. ಆದರೆ ದೊಡ್ಡ ನಾಳದ ಸೆಳೆತಕ್ಕೆ ಸಣ್ಣ ನಾಳಗಳ ಕಾಯಿಲೆಯೂ ಜೊತೆಯಾದಾಗ, ಸೆಳೆತ ಬಿಟ್ಟ ಮೇಲೂ ಹರಿವು ಬೇಗ ಚೇತರಿಸಿಕೊಳ್ಳುವುದಿಲ್ಲ.

ಮತ್ತೆ ನಮ್ಮ ರೋಗಿಯ ಕಡೆಗೆ ಬರುತ್ತೇನೆ. ಮೊದಲು ಆದದ್ದು ಹೃದಯದ ಎಂಆರ್‌ಐ. ಗ್ಯಾಡೊಲಿನಿಯಂ ಔಷಧ ಕೊಟ್ಟು ಸುಮಾರು ಹತ್ತು ನಿಮಿಷ ಕಾಯ್ದು ಚಿತ್ರ ತೆಗೆದರೆ ಸತ್ತ ಸ್ನಾಯು ಬೆಳ್ಳಗೆ ಕಾಣುತ್ತದೆ. ಆ ಬಿಳುಪು ಎಲ್ಲಿದೆ ಎಂಬುದೇ ಮುಖ್ಯ. ಹೃದಯದ ಗೋಡೆಯ ಒಳಅಂಚಿನಿಂದ ಆರಂಭವಾಗಿ ಹೊರಕ್ಕೆ ಹರಡಿದ್ದರೆ ರಕ್ತದ ಕೊರತೆಯಿಂದ ಆದ ಹಾನಿ. ಒಳಅಂಚನ್ನು ಬಿಟ್ಟು ಗೋಡೆಯ ನಡುವೆ ಅಥವಾ ಹೊರಅಂಚಿನಲ್ಲಿದ್ದರೆ ಹೃದಯಸ್ನಾಯುವಿನ ಉರಿಯೂತದ ಶಂಕೆ. ಹೃದಯಾಘಾತದಂತೆಯೇ ತೋರಿ, ಎಂಆರ್‌ಐನಲ್ಲಿ ಉರಿಯೂತವೆಂದು ಪತ್ತೆಯಾಗುವವರ ಸಂಖ್ಯೆ ಸಣ್ಣದಲ್ಲ. ಈ ಮಹಿಳೆಯಲ್ಲಿ ಹೃದಯದ ಮುಂಗೋಡೆಯ ಒಳಅಂಚಿನಲ್ಲಿ, ಉಗುರಿನ ತುದಿಯಷ್ಟು ಅಗಲದ ಬಿಳಿಯ ಪಟ್ಟಿಯೊಂದಿತ್ತು. ಆತಂಕದಿಂದ ಆದದ್ದು ಎಂದು ಕೇಳಿಸಿಕೊಂಡು ಬಂದಿದ್ದ ಅವರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಎಂಆರ್‌ಐ ಎರಡು ವಾರದೊಳಗೆ ಆಗಿದ್ದರೆ ಸ್ನಾಯುವಿನ ಊತವೂ ಕಾಣುತ್ತಿತ್ತು, ನಿರ್ಣಯ ಇನ್ನೂ ಗಟ್ಟಿಯಾಗುತ್ತಿತ್ತು.

ಮುಂದಿನ ಪ್ರಶ್ನೆ, ಆ ಹಾನಿಗೆ ಕಾರಣವಾದದ್ದು ಯಾವುದು ಎಂಬುದು. ಆಂಜಿಯೋಗ್ರಾಂನಲ್ಲಿ ಕಾಣದ ಸಣ್ಣ ಕೊಬ್ಬಿನ ಪದರ ಒಡೆದು, ಅದರ ಮೇಲೆ ಕಟ್ಟಿದ ಹೆಪ್ಪು ಕರಗಿಹೋಗಿರಬಹುದು. ನಾಳದ ಗೋಡೆ ಸೀಳಿರಬಹುದು. ಬೇರೆಡೆಯಿಂದ ಹೆಪ್ಪು ತೇಲಿ ಬಂದಿರಬಹುದು. ನಾಳದೊಳಕ್ಕೆ ತೆಳುವಾದ ತಂತಿಯಂತಹ ಸಾಧನವನ್ನು ಕಳಿಸಿ ಬೆಳಕಿನಿಂದ ಗೋಡೆಯ ಚಿತ್ರ ತೆಗೆಯುವ ಒಸಿಟಿ ಪರೀಕ್ಷೆಯನ್ನು ಇದಕ್ಕಾಗಿ ಮಾಡುತ್ತೇವೆ. ಇವರಲ್ಲಿ ಒಡೆದ ಗುರುತು ಸಿಗಲಿಲ್ಲ. ಆರು ವಾರಗಳಲ್ಲಿ ಸಣ್ಣ ಗಾಯ ಮಾಯ್ದಿರಲೂಬಹುದು, ಹಾಗಾಗಿ ಈ ಫಲಿತಾಂಶಕ್ಕೆ ನಾವು ಪೂರ್ಣ ತೂಕ ಕೊಡಲಿಲ್ಲ.

ಬಳಿಕ ಅಸಿಟೈಲ್‌ಕೋಲಿನ್ ಪರೀಕ್ಷೆ. ಸೆಳೆತವನ್ನು ತಡೆಯುವ ಮಾತ್ರೆಗಳನ್ನು ಮೊದಲೇ, ಸಾಮಾನ್ಯವಾಗಿ 24ರಿಂದ 48 ಗಂಟೆ, ನಿಲ್ಲಿಸಿರಬೇಕು. ಇಲ್ಲವಾದರೆ ಪರೀಕ್ಷೆ ಸುಳ್ಳು ಸಮಾಧಾನ ಕೊಡುತ್ತದೆ. ಎಡ ಕೊರೊನರಿಯ ಬಾಯಿಗೆ ಕ್ಯಾತಿಟರ್ ಇಟ್ಟು, ಇಸಿಜಿ ನಿರಂತರ ಓಡುತ್ತಿರುವಾಗ, ಮೊದಲು 20 ಮೈಕ್ರೋಗ್ರಾಂ ಔಷಧವನ್ನು ನಿಧಾನವಾಗಿ ಕೊಟ್ಟೆವು. ಏನೂ ಆಗಲಿಲ್ಲ. 50ಕ್ಕೆ ನಾಳ ತುಸು ಸಪೂರವಾಯಿತು, ರೋಗಿ ಸುಮ್ಮನಿದ್ದರು. 100 ಮೈಕ್ರೋಗ್ರಾಂ ಕೊಟ್ಟು ಅರ್ಧ ನಿಮಿಷ ಕಳೆದಿರಬಹುದು, “ಡಾಕ್ಟ್ರೇ, ಇದೇ ನೋವು” ಎಂದರು. ಮಾನಿಟರಿನಲ್ಲಿ ಎಸ್‌ಟಿ ಏಳತೊಡಗಿತ್ತು. ಆ ಕ್ಷಣ ತೆಗೆದ ಚಿತ್ರದಲ್ಲಿ ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ನಾಳ ನಡುವೆ ದಾರದಂತಾಗಿ, ಅದರಾಚೆಗೆ ಬಣ್ಣ ಹೋಗುತ್ತಲೇ ಇರಲಿಲ್ಲ. 200 ಮೈಕ್ರೋಗ್ರಾಂ ನೈಟ್ರೋಗ್ಲಿಸರಿನ್ ಅನ್ನು ಅದೇ ನಾಳಕ್ಕೆ ಕೊಟ್ಟ ಒಂದು ನಿಮಿಷದೊಳಗೆ ನಾಳ ಮೊದಲಿನ ಅಗಲಕ್ಕೆ ಬಂದಿತು, ನೋವು ಹೋಯಿತು.

ಸೆಳೆತವಿದೆ ಎನ್ನಲು ಮೂರೂ ಒಟ್ಟಿಗೆ ಸಿಗಬೇಕು: ರೋಗಿಗೆ ಪರಿಚಯವಿರುವ ಅದೇ ನೋವು, ಇಸಿಜಿಯಲ್ಲಿ ರಕ್ತದ ಕೊರತೆಯ ಬದಲಾವಣೆ, ದೊಡ್ಡ ನಾಳ ಶೇ 90ಕ್ಕಿಂತ ಹೆಚ್ಚು ಬಿಗಿಯುವುದು. ನೋವು ಮತ್ತು ಇಸಿಜಿ ಬದಲಾವಣೆ ಬಂದು ದೊಡ್ಡ ನಾಳ ಅಷ್ಟು ಬಿಗಿಯದಿದ್ದರೆ ಸೆಳೆತ ಸಣ್ಣ ನಾಳಗಳಲ್ಲಿದೆ ಎಂದು ತೀರ್ಮಾನಿಸುತ್ತೇವೆ. ಪರೀಕ್ಷೆ ಅಪಾಯವಿಲ್ಲದ್ದಲ್ಲ; ಹೃದಯದ ಬಡಿತ ಕೆಲವು ಸೆಕೆಂಡು ತೀರಾ ನಿಧಾನವಾಗುವುದು, ಲಯ ತಪ್ಪುವುದು ಉಂಟು, ಆದ್ದರಿಂದ ಅನುಭವವಿರುವ ತಂಡವೇ ಇದನ್ನು ಮಾಡಬೇಕು. ಸೆಳೆತದ ಚುರುಕು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ, ಒಂದು ದಿನದ ಪರೀಕ್ಷೆಯಲ್ಲಿ ಬರಲಿಲ್ಲವೆಂದ ಮಾತ್ರಕ್ಕೆ ಕಾಯಿಲೆಯೇ ಇಲ್ಲ ಎನ್ನಲಾಗದು.

ನಾಳ ಸಡಿಲಗೊಂಡ ಮೇಲೆ ಸಣ್ಣ ನಾಳಗಳ ಸರದಿ. ಅವು ಕಾಣುವುದಿಲ್ಲವಾದ್ದರಿಂದ ಅವುಗಳ ತಡೆಯನ್ನು ಅಳೆಯುತ್ತೇವೆ. ತುದಿಯಲ್ಲಿ ಒತ್ತಡವನ್ನೂ ಉಷ್ಣತೆಯನ್ನೂ ಗ್ರಹಿಸುವ ತಂತಿಯನ್ನು ನಾಳದ ಕೆಳಭಾಗದಲ್ಲಿ ಇರಿಸಿ, ಕೋಣೆಯ ಉಷ್ಣತೆಯ 3 ಮಿಲಿಲೀಟರ್ ಸಲೈನ್ ಅನ್ನು ಮೇಲಿನಿಂದ ಬೀಸಾಗಿ ತಳ್ಳಿದರೆ, ಆ ತಣ್ಣಗಿನ ದ್ರವ ತಂತಿಯ ತುದಿ ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ಯಂತ್ರ ಹೇಳುತ್ತದೆ. ಮೂರು ಬಾರಿಯ ಸರಾಸರಿ ವಿಶ್ರಾಂತಿಯಲ್ಲಿ 0.90 ಸೆಕೆಂಡು ಬಂದಿತು. ಬಳಿಕ ಸಣ್ಣ ನಾಳಗಳನ್ನು ಅವುಗಳಿಂದಾದಷ್ಟೂ ಅಗಲಿಸುವ ಅಡೆನೋಸಿನ್ ಅನ್ನು ಡ್ರಿಪ್‌ನಲ್ಲಿ ಕೊಟ್ಟು ಮತ್ತೆ ಅಳೆದಾಗ 0.50 ಸೆಕೆಂಡು. ಸಮಯ ಕಡಿಮೆಯಾದಷ್ಟೂ ಹರಿವು ಹೆಚ್ಚು, ಹಾಗಾಗಿ 0.90ನ್ನು 0.50ರಿಂದ ಭಾಗಿಸಿದರೆ ಹರಿವು 1.8 ಪಟ್ಟು ಮಾತ್ರ ಏರಿದೆ ಎಂದಾಯಿತು. ಕನಿಷ್ಠ ಎರಡು ಪಟ್ಟಾದರೂ ಏರಬೇಕಿತ್ತು. ಅಡೆನೋಸಿನ್ ನಡೆಯುವಾಗ ತಂತಿಯ ತುದಿಯಲ್ಲಿದ್ದ ಒತ್ತಡ 68, ಅದನ್ನು 0.50ರಿಂದ ಗುಣಿಸಿದರೆ 34. ಇದು ಸಣ್ಣ ನಾಳಗಳ ತಡೆಯ ಸೂಚ್ಯಂಕ, 25 ದಾಟಿದರೆ ಅಸಹಜ. ಹೀಗೆ ಒಂದೇ ಹೃದಯದಲ್ಲಿ ಎರಡೂ ಇದ್ದವು.

ಈಗ ಪ್ರೊಪ್ರನೊಲಾಲ್ ವಿಷಯ. ನಾಳದ ಸ್ನಾಯುವಿನ ಮೇಲೆ ಅಡ್ರಿನಲಿನ್‌ಗೆ ಸ್ಪಂದಿಸುವ ಎರಡು ಬಗೆಯ ಗ್ರಾಹಕಗಳಿವೆ. ಆಲ್ಫಾ ಬಿಗಿಸುತ್ತದೆ, ಬೀಟಾ-2 ಸಡಿಲಿಸುತ್ತದೆ. ಪ್ರೊಪ್ರನೊಲಾಲ್ ಬೀಟಾ ಗ್ರಾಹಕಗಳನ್ನೆಲ್ಲ ಮುಚ್ಚುವುದರಿಂದ ಬಿಗಿಸುವ ಕೈಗೆ ಎದುರಿಲ್ಲದಂತಾಗುತ್ತದೆ. ಆತಂಕದ ಔಷಧವಾಗಿ ಅದು ಸಾಮಾನ್ಯ ಮಾತ್ರೆ, ಸೆಳೆತವಿರುವ ನಾಳಕ್ಕೆ ಮಾತ್ರ ಕೆಡುಕು. ಅದನ್ನು ನಿಲ್ಲಿಸಿ ಡಿಲ್ಟಿಯಾಜೆಮ್ ಆರಂಭಿಸಿದೆವು. ಸ್ನಾಯುಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆಯುವ ಈ ಗುಂಪಿನ ಔಷಧವೇ ಸೆಳೆತಕ್ಕೆ ಮೊದಲ ಆಯ್ಕೆ, ಸಣ್ಣ ನಾಳಗಳಿಗೂ ಅಷ್ಟಿಷ್ಟು ಉಪಕಾರಿ. ನಸುಕಿನ ಹೊತ್ತಿನಲ್ಲಿ ರಕ್ತದಲ್ಲಿ ಔಷಧ ಸಾಕಷ್ಟಿರಲೆಂದು ನಿಧಾನ ಬಿಡುಗಡೆಯ ಮಾತ್ರೆಯನ್ನು ರಾತ್ರಿ ಮಲಗುವ ಮುನ್ನ ತೆಗೆದುಕೊಳ್ಳಲು ಹೇಳಿದೆವು. ಜೊತೆಗೆ ಸ್ಟ್ಯಾಟಿನ್, ರಕ್ತದೊತ್ತಡಕ್ಕೆ ಎಸಿಇ ತಡೆಯುವ ಮಾತ್ರೆ, ಜೇಬಿನಲ್ಲಿ ಸದಾ ನೈಟ್ರೋಗ್ಲಿಸರಿನ್. ದಿನವಿಡೀ ಕೆಲಸ ಮಾಡುವ ನೈಟ್ರೇಟ್ ಮಾತ್ರೆಯನ್ನು ಕೊಡಲಿಲ್ಲ, ಸಣ್ಣ ನಾಳಗಳ ಕಾಯಿಲೆಯಲ್ಲಿ ಅದರಿಂದ ಹೆಚ್ಚಿನ ಪ್ರಯೋಜನ ಕಂಡಿಲ್ಲ. ಹೀಗೆ ಅಳೆದು, ಸಿಕ್ಕ ಕಾರಣಕ್ಕೆ ತಕ್ಕ ಔಷಧ ಕೊಡುವ ಕ್ರಮವನ್ನು, ಬ್ಲಾಕ್ ಇಲ್ಲದೆಯೂ ಎದೆನೋವಿದ್ದ 151 ಜನರಲ್ಲಿ ಪರೀಕ್ಷಿಸಿದ ಕಾರ್ಮಿಕಾ ಎಂಬ ಅಧ್ಯಯನ 2018ರಲ್ಲಿ ಸ್ಕಾಟ್ಲೆಂಡಿನಿಂದ ಪ್ರಕಟವಾಯಿತು. ಆರು ತಿಂಗಳಲ್ಲಿ ಈ ಕ್ರಮದಂತೆ ಚಿಕಿತ್ಸೆ ಪಡೆದ ಗುಂಪಿನವರ ನೋವು ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಆಯುಷ್ಯ ಹೆಚ್ಚುತ್ತದೆಯೇ ಎಂಬುದನ್ನು ಹೇಳುವಷ್ಟು ದೊಡ್ಡ ಅಧ್ಯಯನ ಅದಲ್ಲ.

ಈ ಪ್ರಕರಣವನ್ನು ಸಭೆಯೊಂದರಲ್ಲಿ ವಿವರಿಸಿದಾಗ ಒಬ್ಬರು ಕೇಳಿದರು: ನಾಳ ಎಲ್ಲಿ ಬಿಗಿಯುತ್ತದೆ ಎಂದು ತಿಳಿದ ಮೇಲೆ ಅಲ್ಲಿಯೇ ಒಂದು ಸ್ಟೆಂಟ್ ಹಾಕಿಬಿಡಬಹುದಲ್ಲವೇ ಎಂದು. ಸ್ಟೆಂಟ್ ಒಂದು ಜಾಗವನ್ನು ತೆರೆದಿಡುತ್ತದೆ ನಿಜ, ಆದರೆ ಅತಿಯಾಗಿ ಸ್ಪಂದಿಸುವ ಗುಣ ಇಡೀ ಗೋಡೆಗೆ ಸೇರಿದ್ದು. ಸೆಳೆತ ಸ್ಟೆಂಟಿನ ಅಂಚಿಗೋ ಬೇರೆ ನಾಳಕ್ಕೋ ಜರುಗುತ್ತದೆ. ಸಣ್ಣ ನಾಳಗಳಿಗಂತೂ ಸ್ಟೆಂಟ್ ಎಂಬುದೇ ಇಲ್ಲ. ಮತ್ತೊಬ್ಬರ ಪ್ರಶ್ನೆ, ಮಾತ್ರೆ ಎಷ್ಟು ದಿನ ಎಂಬುದಾಗಿತ್ತು. ಅದಕ್ಕೆ ಈ ಮಹಿಳೆಯ ಕಥೆಯ ಉಳಿದ ಭಾಗವನ್ನೇ ಹೇಳಿದೆ. ನಾಲ್ಕು ತಿಂಗಳು ಒಂದೂ ನೋವಿಲ್ಲದೆ ಕಳೆದ ಮೇಲೆ, ಗುಣವಾಯಿತೆಂದು ಅವರು ಡಿಲ್ಟಿಯಾಜೆಮ್ ಅನ್ನು ತಾವಾಗಿಯೇ ನಿಲ್ಲಿಸಿದರು. ಈ ಔಷಧ ಥಟ್ಟನೆ ನಿಂತಾಗ ಸೆಳೆತ ಮೊದಲಿಗಿಂತ ಜೋರಾಗಿ ಮರಳುವುದುಂಟು. ಮೂರನೆಯ ರಾತ್ರಿ ಮತ್ತೆ ಅದೇ ಹೊತ್ತಿಗೆ ಎಚ್ಚರವಾಯಿತು. ಈ ಬಾರಿ ಅವರು ನಾಲಿಗೆಯಡಿಗೆ ಮಾತ್ರೆ ಇಟ್ಟುಕೊಂಡು ಕೂಡಲೇ ಆಂಬುಲೆನ್ಸ್‌ಗೆ ಕರೆ ಮಾಡಿದ್ದರಿಂದ ಟ್ರೋಪೋನಿನ್ ಏರಲಿಲ್ಲ. ಈಗ ಮಾತ್ರೆಯ ಪ್ರಮಾಣವನ್ನು ಇಳಿಸುವುದಿದ್ದರೆ ವಾರಗಳ ಅಂತರದಲ್ಲಿ, ನಮ್ಮನ್ನು ಕೇಳಿಯೇ ಇಳಿಸುತ್ತಾರೆ. ಕೊನೆಯ ಭೇಟಿಯಲ್ಲೂ ರಾತ್ರಿಯ ಮಾತ್ರೆ ಮುಂದುವರಿದೇ ಇತ್ತು.